ಮುಸ್ಸಂಜೆಯ ಪಟದಲ್ಲಿ ಒಂದು ಮುಖ

ಹೆಮ್ಮರಗಾಲದಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಹಳೆಯ ಸ್ನೇಹಿತ ಒಂದು ಬೆಳಿಗ್ಗೆ ನನ್ನನ್ನು ನಂಜನಗೂಡಿನ ಸ್ಟುಡಿಯೊಗೆ ಕರೆದೊಯ್ದ. ಅವನ ಹೆಂಡತಿ ತೀರಿಕೊಂಡು ವರ್ಷ ತುಂಬುವುದರಲ್ಲಿತ್ತು. ಎಡೆ ಇಡುವ ದಿನಕ್ಕೆ ಗೋಡೆಯ ಮೇಲೊಂದು ಪಟ ಬೇಕಾಗಿತ್ತು. ಗುರುತಿನ ಚೀಟಿಯ ಚಿತ್ರದಲ್ಲಿ ಆಕೆ ಬೆದರಿದಂತಿದ್ದಳು. ನಕ್ಕಿದ್ದ ಚಿತ್ರವೆಂದರೆ ಅಳಿಯ ಟಿ. ನರಸೀಪುರದ ಸಂಗಮದಲ್ಲಿ ತೆಗೆದದ್ದೊಂದೇ. ಆದರೆ ಬೆನ್ನ ಹಿಂದೆ ಸೂರ್ಯ ಮುಳುಗುತ್ತಿದ್ದುದರಿಂದ ಮುಖವೆಲ್ಲ ಮಸಿ.

"ಮುಖ ಕಾಣ್ಬೇಕು, ಆ ಕೆಂಪೂ ಓಗ್ಬಾರ್ದು ಕಣವ್ವ" ಎಂದ ಸ್ಟುಡಿಯೊದಾಕೆಗೆ. "ಅದ ತೋರ್ಸಕ್ಕೇ ನನ್ನ ದಡದಲ್ಲಿ ನಿಲ್ಸಿದ್ಲು."

ಸ್ಟುಡಿಯೊದಾಕೆ ಮೊದಲು ಕಂಪ್ಯೂಟರಿನಲ್ಲಿ ಇಡೀ ಚಿತ್ರದ ಕತ್ತಲೆಯನ್ನು ತಿಳಿಗೊಳಿಸಿದಳು. ಮುಖದ ಜೊತೆ ಹೊಳೆಯೂ ಮೋಡದ ಅಡಿಯೂ ಬೂದುಬಣ್ಣಕ್ಕೆ ತಿರುಗಿ, ಬಾನಿನ ಬಣ್ಣ ಸಪ್ಪೆಯಾಯಿತು. ಹಾಗಾಗಿ ಅದನ್ನು ಬಿಟ್ಟು, ವ್ಯಕ್ತಿಯ ಆಕಾರವನ್ನಷ್ಟೇ ಬೇರ್ಪಡಿಸಿ, ಕೂದಲಂಚನ್ನು ಮೃದುಗೊಳಿಸಿ, ಅದರೊಳಗೆ ಮಾತ್ರ ಬೆಳಕು ಏರಿಸಿದಳು. ಬಾನು ಅಲುಗಲಿಲ್ಲ. ಆದರೆ ಕೆನ್ನೆಯ ಮೇಲೆ ಚೌಕ ಚೌಕ ಕಲೆಗಳೆದ್ದವು.

ಹಳೆಯ ದಾಖಲೆಗಳನ್ನು ಪರಿಶೀಲಿಸುವ ಅಭ್ಯಾಸಬಲದಿಂದ ನಾನು ಚಿತ್ರದ ಕಡತದ ದಿನಾಂಕ ನೋಡಿದೆ. ಅದು ಆಕೆ ತೀರಿಕೊಂಡ ನಂತರದ್ದು!

"ಇದು ಮೂಲವಲ್ಲ. ಯಾರೋ ಕಳುಹಿಸಿದ ಪ್ರತಿಯಿರಬೇಕು" ಎಂದೆ.

"ವಾಟ್ಸಾಪಲ್ಲಿ ಬಂದಿರ್ಬೇಕು ಸಾ. ಕುಗ್ಗಿಸಿ ಕಳ್ಸುತ್ತೆ, ಕತ್ಲೇಲಿದ್ದ ವಿವರ ಎಲ್ಲ ಓಗ್ಬುಡ್ತದೆ" ಎಂದಳು ಆಕೆ.

ಕವಲಂದೆಯ ಅಳಿಯನಿಗೆ ಫೋನು ಮಾಡಿ, ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳುಹಿಸಲು ಹೇಳಿದೆವು. ಬಂದ ಕಡತದಲ್ಲಿ ದಿನಾಂಕ ಸಂಗಮಕ್ಕೆ ಹೋದ ದಿನದ್ದೇ ಆಗಿತ್ತು. ಸ್ನೇಹಿತನ ನೆನಪಿಗೂ ತಾಳೆಯಾಯಿತು. ಈ ಸಲ ಬೆಳಕು ಏರಿಸಿದಾಗ ಹುಬ್ಬು, ಮೂಗುಬೊಟ್ಟು, ನಗುವಿನ ಗೆರೆ ಒಂದೊಂದಾಗಿ ಮೂಡಿದವು. ಸ್ವಲ್ಪ ಮರಳಿನಂಥ ಒರಟುತನವಿತ್ತು. ಅದನ್ನು ಹದವಾಗಿ ಸವರಿದಳು. ತಣ್ಣಗೆ ನೀಲಿಗಟ್ಟಿದ್ದ ಚರ್ಮಕ್ಕೆ ತುಸು ಹಳದಿ ಬೆರೆಸಿದಳು. ಮದುವೆ ಪಟಗಳ ರೂಢಿ ಕೈಬಿಡದೆ, ಬೆಳಕನ್ನು ಇನ್ನಷ್ಟು ಏರಿಸಿ ಮುಖವನ್ನು ಬೆಳ್ಳಗೆ ಮಾಡಿ ನಮ್ಮತ್ತ ತಿರುಗಿದಳು.

ಸ್ನೇಹಿತ ಕುರ್ಚಿಯಿಂದೆದ್ದ. "ಇವ್ಳ್ಯಾರವ್ವ? ನಮ್ಮನೆಯವ್ಳು ಕಪ್ಗಿದ್ಲು ಕಣವ್ವ. ಇವ್ಳ ಗೋಡೆಗಾಕುದ್ರೆ ಎಡೆ ಯಾರ್ಗಿಡ್ಲಿ?"

"ಎಲ್ರೂ ಬೆಳ್ಳಗೇ ಕೇಳ್ತಾರೆ ಯಜಮಾನ್ರೇ" ಎಂದು ಆಕೆ ನಕ್ಕು, ನಾಚಿ, ಬೆಳಕು ಇಳಿಸತೊಡಗಿದಳು.

ಎಷ್ಟು ಇಳಿಸಬೇಕು? ನನ್ನ ಬಳಿ ಇದಕ್ಕೆ ಆಧಾರವಿರಲಿಲ್ಲ. ಅವನು ಪರದೆಯ ಹತ್ತಿರ ಬಾಗಿ, "ಇನ್ನೊಂಚೂರು... ಇನ್ನೂ..." ಎನ್ನುತ್ತಿದ್ದ. ಮುಖ ಮತ್ತೆ ಮುಳುಗಿಹೋಗುವುದೇನೋ ಎಂದು ನಾನು ಆತಂಕದಿಂದ ಕಾದೆ. ಕಣ್ಣುಗಳಿನ್ನೂ ಕಾಣುತ್ತಿದ್ದವು, ಹಿಂದಿನ ಕೆಂಪಿಗಿಂತ ಮುಖ ಮಬ್ಬಾಗಿಯೇ ಇತ್ತು, ಮುಸ್ಸಂಜೆಯ ಹೊತ್ತಿನಲ್ಲಿ ಯಾರ ಮುಖವಾದರೂ ಹಾಗೆಯೇ ಇರುವಂತೆ.

"ನಿಲ್ಸವ್ವ" ಎಂದ. ಆಮೇಲೆ, "ಬಾ ನೋಡು, ಬಸ್ಸು ಓದ್ರೆ ಓಗ್ಲಿ ಅಂತಿದ್ಲು ಅವತ್ತು ದಡದಲ್ಲಿ" ಎಂದು, ಕಟ್ಟಿನ ಅಳತೆ ಕೇಳಿದ.