ಎಪ್ಪತ್ತೊಂದೂವರೆ ಅಂದಿದ್ದರು ಅಪ್ಪ

ಗೌರಿಬಿದನೂರಿನಲ್ಲಿ ಥ್ರೋಬಾಲ್ ಟೂರ್ನಮೆಂಟು ಇತ್ತು. ನಾನಾಗ ಚಿಕ್ಕಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದೆ. ಪ್ರತಿ ವಿಷಯದಲ್ಲೂ ಇಲ್ಲಿಯವರೆಗಿನ ಸರಾಸರಿ ಎಪ್ಪತ್ತಿದ್ದರೆ ಮಾತ್ರ ಆಟ, ಇಲ್ಲದಿದ್ದರೆ ಪುಸ್ತಕ ಎಂದು ಅಪ್ಪ ಷರತ್ತು ಹಾಕಿದ್ದರು. ನನಗೋ ಆಟದ ಹುಚ್ಚು.

ಅಪ್ಪ ಶಿಡ್ಲಘಟ್ಟದಲ್ಲಿ ಗುಮಾಸ್ತರು. ಮದುವೆ ಮನೆಯಲ್ಲಿ ಅಡುಗೆಯವರು ಅಕ್ಕಿಗೆ ಹಾಕಿದ ಲೆಕ್ಕವನ್ನೂ ತಿದ್ದಿ ಬಂದವರು. ತಪ್ಪು ಲೆಕ್ಕ ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಆ ರೋಗ ನನಗೂ ಅಂಟಿದೆ.

ಒಂದು ಸಂಜೆ ಕಾಲೇಜಿನ ಆ್ಯಪ್ ಅವರ ಫೋನಿಗೆ ನನ್ನ ಒಂದು ವಿಷಯದ ಸರಾಸರಿ ಕಳಿಸಿತು: ಮೂವತ್ತಮೂರು ಚಿಲ್ಲರೆ. ಅಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ನಾನು ಪಕ್ಕದಲ್ಲಿ ಕೂತು ಬಿಡಿಸಿ ಹೇಳಿದೆ. ಅಸೈನ್‌ಮೆಂಟಿಗೆ ಶೇಕಡ ಇಪ್ಪತ್ತು, ಕ್ವಿಜ್‌ಗೆ ಮೂವತ್ತು, ಪರೀಕ್ಷೆಗೆ ಐವತ್ತು. ಪರೀಕ್ಷೆ ಇನ್ನೂ ನಡೆದೇ ಇಲ್ಲ, ಆ್ಯಪ್ ಅದಕ್ಕೆ ಸೊನ್ನೆ ಹಾಕಿ ಲೆಕ್ಕ ಮಾಡಿದೆ.

ಅಪ್ಪ ಒಪ್ಪಿಕೊಂಡರು. ಬರೆಯದ ಪರೀಕ್ಷೆಗೆ ಸೊನ್ನೆ ಹಾಕುವುದು ಅನ್ಯಾಯ ಎಂದು ಆ್ಯಪಿಗೂ ಬೈದರು. ಆಮೇಲೆ ಪೇಪರಿನ ಅಂಚಿನಲ್ಲಿ ತಮ್ಮ ಲೆಕ್ಕ ಹಾಕಿದರು. ಅಸೈನ್‌ಮೆಂಟಿನಲ್ಲಿ ತೊಂಬತ್ತೈದು, ಕ್ವಿಜ್‌ನಲ್ಲಿ ನಲವತ್ತೆಂಟು, ಕೂಡಿಸಿ ಎರಡರಿಂದ ಭಾಗಿಸಿದರು.

"ಎಪ್ಪತ್ತೊಂದೂವರೆ. ಹೋಗ್ಬಾಮ್ಮ ಆಡಕ್ಕೆ," ಅಂದರು.

ಅಲ್ಲಿಗೆ ಎದ್ದು ಬೂಟು ಹುಡುಕಬೇಕಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ನನಗೆ ಮಾತೂ ಗೊತ್ತಿತ್ತು, ಲೆಕ್ಕವೂ ಗೊತ್ತಿತ್ತು, ಸುಮ್ಮನಿರುವುದೊಂದು ಗೊತ್ತಿರಲಿಲ್ಲ.

"ಹಂಗಲ್ಲಪ್ಪ. ಎರಡಕ್ಕೂ ಒಂದೇ ತೂಕ ಇಲ್ಲ," ಎಂದು ಪೆನ್ನು ಕಿತ್ತುಕೊಂಡೆ.

ತೊಂಬತ್ತೈದನ್ನು ಇಪ್ಪತ್ತರಿಂದ ಗುಣಿಸಿದೆ, ಸಾವಿರದ ಒಂಬೈನೂರು. ನಲವತ್ತೆಂಟನ್ನು ಮೂವತ್ತರಿಂದ ಗುಣಿಸಿದೆ, ಸಾವಿರದ ನಾನೂರ ನಲವತ್ತು. ಒಟ್ಟು ಮೂರು ಸಾವಿರದ ಮುನ್ನೂರ ನಲವತ್ತು. ಮುಗಿದಿರುವ ಭಾಗ ಐವತ್ತು ಮಾತ್ರ, ಆದ್ದರಿಂದ ನೂರರಿಂದಲ್ಲ, ಐವತ್ತರಿಂದಲೇ ಭಾಗಿಸಬೇಕು ಎಂದು ಮೇಷ್ಟ್ರ ಗತ್ತಿನಲ್ಲಿ ವಿವರಿಸಿ ಉತ್ತರ ಬರೆದೆ: ಅರವತ್ತಾರು ಬಿಂದು ಎಂಟು.

ಬರೆದ ಮೇಲೆ ಓದಿದೆ. ನನ್ನ ಕಾಲ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ.

ಅಪ್ಪ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಪರೀಕ್ಷಿಸಿದರು. ಎಲ್ಲಾದರೂ ತಪ್ಪು ಸಿಗಲಿ ಎಂದು ಜೀವನದಲ್ಲಿ ಮೊದಲ ಸಲ ಹರಕೆ ಹೊತ್ತೆ. ಸಿಗಲಿಲ್ಲ.

"ನಿನ್ನ ಲೆಕ್ಕಾನೇ ಸರಿ ಕಣಮ್ಮ," ಅಂದರು. ಅಡುಗೆಮನೆಯಿಂದ ಅಮ್ಮ, ಹೋಗಲಿ ಬಿಡಿ, ನಿಮ್ಮ ಲೆಕ್ಕವನ್ನೇ ಇಟ್ಟುಕೊಳ್ಳಿ ಎಂದು ರಾಜಿಗೆ ಬಂದರು. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. ಗೊತ್ತಿದ್ದೂ ತಪ್ಪು ಲೆಕ್ಕ ಇಟ್ಟುಕೊಳ್ಳುವ ಮನೆಯಲ್ಲ ಅದು.

ತಂಡದವರು ನನ್ನನ್ನು ಬಿಟ್ಟೇ ಬಸ್ಸು ಹತ್ತಿದರು. ನಾನು ಅಳುತ್ತಾ ಪುಸ್ತಕ ಹಿಡಿದು ಕೂತಿದ್ದೆ. ಜಗಲಿಯಲ್ಲಿ ಅಪ್ಪ ಚಿಂತಾಮಣಿಯ ಚಿಕ್ಕಪ್ಪನ ಜೊತೆ ಫೋನಿನಲ್ಲಿದ್ದರು. ಮಗಳು ಎಷ್ಟು ತೆಗೆದಿದ್ದಾಳೆ ಎಂದು ಆ ಕಡೆಯಿಂದ ಕೇಳಿರಬೇಕು.

"ಅದು ಬಿಡಪ್ಪ. ನನ್ನ ಲೆಕ್ಕಾನೇ ತಪ್ಪು ಅಂತ ತೋರಿಸ್ಬಿಟ್ಳು ಕಣೋ," ಅಂದರು. ಎಪ್ಪತ್ತು ಬಂದಿದ್ದರೂ ಆ ಹೆಮ್ಮೆಯ ದನಿ ಬರುತ್ತಿರಲಿಲ್ಲ.