ಯಾವತ್ತು, ಏನು ಮಾಡಲಿಲ್ಲ?

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಇಳಕಲ್ಲಿನ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿರಲಿ ಎಂದೇ ನಾನೂ ಮುಚ್ಚಿಡುತ್ತಿರಲಿಲ್ಲ. ಐವತ್ತರ ದಶಕದ ಮೊದಲ ವರ್ಷಗಳು, ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಶಾಲೆಗೆ ನಾನೇ ಮುಖ್ಯೋಪಾಧ್ಯಾಯಿನಿ, ಕೈಕೆಳಗೆ ನಾಲ್ವರು ಸಹಶಿಕ್ಷಕಿಯರು. ಪ್ರತಿ ಮಾರ್ಚಿಗೆ ಒಬ್ಬೊಬ್ಬರ ವಿಷಯವಾಗಿ ಒಂದೊಂದು ಗುಪ್ತ ವರದಿ ಬರೆದು ಬಾಗಲಕೋಟೆಯ ಇನ್ಸ್‌ಪೆಕ್ಟರ್ ಸಾಹೇಬರಿಗೆ ಕಳಿಸಬೇಕಾಗಿತ್ತು. ವರದಿ ಅಂದರೆ ಏನು ಮಹಾ! ಖಾನೆಗೆ ಎರಡೆರಡು ಪದದ ಷರಾ. ಅಕ್ಷರ ಚೆನ್ನ. ನಡತೆ ಸಮಾಧಾನಕರ. ಅರ್ಧ ತಾಸಿನಲ್ಲಿ ನಾಲ್ಕು ಹೆಣ್ಣುಮಕ್ಕಳ ಒಂದು ವರ್ಷದ ದುಡಿತ ಮುಗಿದುಹೋಗುತ್ತಿತ್ತು.

ಆ ವರ್ಷ ಎರಡನೆಯ ಇಯತ್ತೆಯ, ಅಂದರೆ ಎರಡನೆಯ ತರಗತಿಯ, ಶಿಕ್ಷಕಿಯದು ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಎರಡು ವರ್ಷದಿಂದ ಹಂಗಾಮಿಯಾಗಿದ್ದಳು. ಈ ವರದಿ ಚೆನ್ನಾಗಿ ಹೋದರೆ ಕಾಯಂ, ಇಲ್ಲದಿದ್ದರೆ ಜೂನಿನಲ್ಲಿ ಮನೆಗೆ. ಮನೆಯೆಂದರೆ ಶಿರೂರಿನಲ್ಲಿ ಅಣ್ಣನ ಮನೆ. ಗಂಡ ಬಿಟ್ಟು ಹೋದವಳು ಅವಳು. ಸಾಲಿಯ ಆಟ ಮುಗಿಯಿತೆಂದರೆ ಬಂದು ಅತ್ತಿಗೆಗೆ ರೊಟ್ಟಿ ಬಡಿದುಕೊಡು ಎಂದು ಅಣ್ಣ ಹೇಳಿ ಕಳಿಸಿದ್ದ. ಇದನ್ನೆಲ್ಲ ಅವಳೇ ನನಗೆ ಹೇಳಿದ್ದಳು. ಎಲ್ಲ ಗೊತ್ತಿದ್ದೂ ನಾನು ಅವಳ ಖಾನೆಯಲ್ಲಿ ಬರೆದದ್ದು ಇಷ್ಟು: ಸ್ವಂತ ಮುತುವರ್ಜಿ ಇಲ್ಲ.

ಆ ಮಾತು ನನ್ನದೂ ಆಗಿರಲಿಲ್ಲ. ಸಾಹೇಬರು ತಪಾಸಣೆಗೆ ಬಂದ ದಿನ ಮೂರನೆಯ ಇಯತ್ತೆಯ ಶಿಕ್ಷಕಿ ರಜೆಯಲ್ಲಿದ್ದಳು. ಅಲ್ಲಿ ಹುಡುಗಿಯರು ಗದ್ದಲ ಹಾಕುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಇವಳು ತನ್ನ ಪಾಡಿಗೆ ಮಗ್ಗಿ ಹೇಳಿಸುತ್ತಿದ್ದಳು. ಈಕೆಗೆ ತಾನಾಗಿ ಮುಂದಾಗಿ ಏನೂ ಮಾಡುವ ಬುದ್ಧಿಯಿಲ್ಲ, ಹಾಗೆಂದು ಬರೆಯಿರಿ ಎಂದು ಸಾಹೇಬರು ನನಗೆ ಹೇಳಿದರು. ನಾನು ಕೋಲೆಬಸವನ ಹಾಗೆ ಗೋಣು ಹಾಕಿದೆ. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಯಾರ ಮೇಲೆ ಕೆಟ್ಟ ಷರಾ ಬರೆದರೂ ಅವರ ಮುಖಕ್ಕೆ ಹೇಳಿಯೇ ಕಳಿಸಬೇಕೆಂಬ ಹಟ ಮಾತ್ರ ನನ್ನದಿತ್ತು. ಅವಳನ್ನು ಕರೆದು ಓದಿ ಹೇಳಿದೆ. ಅತ್ತಾಳು ಅಂದುಕೊಂಡಿದ್ದೆ. ಅಳಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು ನೆಟ್ಟಗೆ ನಿಂತಳು.

"ದೊಡ್ಡಕ್ಕೋರ, ನಾ ಯಾವತ್ತು, ಏನು ಮಾಡಲಿಲ್ಲ ಅದನ್ನ ಹೇಳ್ರಿ. ತಿದ್ದಿಕೊಳ್ತೇನಿ. ಮುತುವರ್ಜಿ ಇಲ್ಲ ಅಂದ್ರ ನಾ ಏನಂತ ತಿದ್ದಿಕೊಳ್ಳಲಿ?"

ಉತ್ತರವಿಲ್ಲದಾಗ ನನಗೆ ಬರುವುದು ಸಿಟ್ಟೇ. ದೊಡ್ಡವರಿಗೆ ಎದುರು ಮಾತಾಡುತ್ತೀಯಾ ಎಂದು ಗದರಿಸಿ ಕಳಿಸಿದೆ. ಆದರೆ ಪ್ರಶ್ನೆ ಅಲ್ಲೇ ಉಳಿಯಿತು, ಹಲ್ಲಿಗೆ ಸಿಕ್ಕ ಅಡಿಕೆ ಚೂರಿನ ಹಾಗೆ. ಸಂಜೆಯ ತನಕ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಮರುದಿನ ಹಾಜರಿ ಪುಸ್ತಕ, ರಜೆಯ ಅರ್ಜಿ, ನಾನು ದಿನಾಲು ನಾಲ್ಕು ಸಾಲು ಗೀಚಿಡುತ್ತಿದ್ದ ವಹಿ ಎಲ್ಲ ಮುಂದಿಟ್ಟುಕೊಂಡು ಕೂತೆ. ಅವಳ ಸ್ವಭಾವ ಎಂಥದು ಎಂಬುದನ್ನು ಬದಿಗಿಟ್ಟು, ಅವಳು ಮಾಡಿದ್ದೇನು, ಮಾಡದೆ ಬಿಟ್ಟಿದ್ದೇನು ಎಂದು ಹುಡುಕಿದೆ. ಅವಳ ವರ್ಗದ ಹಾಜರಿಯಲ್ಲಿ ಒಂದು ವಿಚಿತ್ರ ಕಂಡಿತು. ಏಳು ಹುಡುಗಿಯರು ತಿಂಗಳುಗಟ್ಟಲೆ ಗೈರು, ಆಮೇಲೆ ಐವರು ಒಬ್ಬೊಬ್ಬರಾಗಿ ಮತ್ತೆ ಹಾಜರ್. ನೇಕಾರರ ಮಕ್ಕಳು, ಮನೆಯಲ್ಲಿ ಮಗ್ಗದ ಕಂಡಿಕೆಗಳಿಗೆ ನೂಲು ಸುತ್ತಲು ಉಳಿದುಬಿಟ್ಟವರು. ಏಳೂ ಮನೆಗಳಲ್ಲಿ ವಿಚಾರಿಸಿದೆ, ಎಲ್ಲ ಕಡೆಗೂ ಇವಳು ಹೋಗಿದ್ದಳು. ಒಬ್ಬ ಹುಡುಗಿಯ ತಾಯಿಯನ್ನು ಕೇಳಿದೆ. ಅಕ್ಕೋರು ನಾಲ್ಕು ರವಿವಾರ ಬಂದು ಮಗ್ಗದ ಪಕ್ಕದಲ್ಲೇ ಕೂತರು, ಹುಡುಗಿ ಮುಂಜಾನೆ ಕಂಡಿಕೆ ಸುತ್ತಲಿ, ಗಂಟೆ ಬಾರಿಸಿದ ಮೇಲೆ ನನಗೆ ಕೊಡಿ ಅಂದರು ಎಂದಳು. ಹೋಗು ಎಂದು ಆ ಶಿಕ್ಷಕಿಗೆ ಯಾರೂ ಹೇಳಿರಲಿಲ್ಲ. ಮುತುವರ್ಜಿ ಇಲ್ಲವಂತೆ!

ಹಾಗಾದರೆ ತಪಾಸಣೆಯ ದಿನ ಪಕ್ಕದ ಮಕ್ಕಳನ್ನೇಕೆ ಬಿಟ್ಟಳು? ಅದೂ ಸುಳ್ಳಲ್ಲವಲ್ಲ. ಕರೆದು ಕೇಳಿದೆ, ಈ ಸಲ ಗದರಿಸದೆ. ಅವಳು ನೆಲ ನೋಡುತ್ತ ಹೇಳಿದಳು: ದೀಪಾವಳಿಗೆ ಮುಂಚೆ ಹಾಗೇ ಒಂದು ದಿನ ಆ ಮಕ್ಕಳನ್ನು ತನ್ನ ವರ್ಗದಲ್ಲಿ ಕೂಡಿಸಿಕೊಂಡಿದ್ದಳು. ಆಗ ನಾನು ಬಾಗಿಲಲ್ಲಿ ನಿಂತು, ಎಲ್ಲ ಮಕ್ಕಳ ಎದುರಿಗೆ, ಯಾರ ಅಪ್ಪಣೆ ಕೇಳಿ ಮಾಡಿದಿ ಎಂದು ಬೈದಿದ್ದೆ. ನನಗೆ ಥಟ್ಟನೆ ನೆನಪಾಯಿತು. ಬೈದ ಮಾತಷ್ಟೇ ಅಲ್ಲ, ಬೈದು ಬಂದ ಮೇಲೆ ನನ್ನ ಮನಸ್ಸು ಎಷ್ಟು ಹಗುರವಾಗಿತ್ತು ಅನ್ನುವುದೂ ನೆನಪಾಯಿತು. ನಾಚಿಕೆಯಿಂದ ಕಿವಿ ಬಿಸಿಯಾದವು.

ಹಳೆಯ ಹಾಳೆ ಹರಿದೆ. ಹೊಸದರಲ್ಲಿ ಹೀಗೆ ಬರೆದೆ: "ಮೂರನೆಯ ಇಯತ್ತೆಯ ಶಿಕ್ಷಕಿ ರಜೆಯಲ್ಲಿದ್ದ ದಿನ, ಪಕ್ಕದಲ್ಲೇ ಇದ್ದೂ ಆ ಮಕ್ಕಳನ್ನು ನೋಡಿಕೊಳ್ಳಲಿಲ್ಲ, ಅವರಿಗೆ ಒಂದು ತಾಸು ಪಾಠ ತಪ್ಪಿತು. ಹಿಂದೊಮ್ಮೆ ನೋಡಿಕೊಂಡಾಗ ಅಪ್ಪಣೆ ಕೇಳಲಿಲ್ಲವೆಂದು ನಾನೇ ಬೈದಿದ್ದೆ. ಶಾಲೆ ಬಿಟ್ಟಿದ್ದ ಏಳು ಹುಡುಗಿಯರ ಮನೆಗೆ, ಯಾರೂ ಹೇಳದೆ, ರವಿವಾರಗಳಂದು ಹೋದಳು. ಐವರು ಮರಳಿ ಬಂದಿದ್ದಾರೆ. ಇನ್ನು ಮುಂದೆ ಪಕ್ಕದ ವರ್ಗಕ್ಕೆ ಶಿಕ್ಷಕಿಯಿಲ್ಲದಿದ್ದರೆ ಮೊದಲು ಮಕ್ಕಳನ್ನು ಕೂಡಿಸಿಕೊಂಡು ಆಮೇಲೆ ನನಗೆ ತಿಳಿಸಬೇಕು. ಅದಕ್ಕೆ ಅಪ್ಪಣೆ ಕೊಟ್ಟಿದ್ದೇನೆ. ಕಾಯಂ ಮಾಡಲು ಶಿಫಾರಸು."

ಅವಳ ತಪ್ಪನ್ನು ಬರೆಯದೆ ಏಕೆ ಬಿಡಲಿಲ್ಲವೆಂದು ಆಮೇಲೆ ಕೆಲವರು ಕೇಳಿದರು. ಏಕೆ ಬಿಡಬೇಕು? ಆ ಮಕ್ಕಳಿಗೆ ಪಾಠ ತಪ್ಪಿದ್ದು ನಿಜ.

ವಾರದೊಳಗೆ ಬಾಗಲಕೋಟೆಯಿಂದ ಕರೆ ಬಂತು. ಹುನಗುಂದದಲ್ಲಿ ಬಸ್ಸು ಬದಲಿಸಿ, ಬಿಸಿಲಲ್ಲಿ ಬೆಂದು, ಸಾಹೇಬರ ಮೇಜಿನ ಮುಂದೆ ನಿಂತೆ. ಮನುಷ್ಯ ಕೆಟ್ಟವರಲ್ಲ, ಕೈಯಲ್ಲಿ ಬಹಳ ಶಾಲೆಗಳಿದ್ದವು, ಎರಡು ಪದದ ಷರಾ ಅವರಿಗೆ ಓದಲು ಹಗುರ. ಇದು ಷರಾ ಅಲ್ಲ, ಪುರಾಣ ಎಂದರು. ತಮ್ಮ ತಪ್ಪನ್ನು ತಾವೇ ಸರಕಾರಿ ಕಾಗದದಲ್ಲಿ ಬರೆಯುವವರನ್ನು ಎಲ್ಲೂ ಕಂಡಿಲ್ಲ, ಆ ಸಾಲು ಹೊಡೆದುಹಾಕಿ, ಮುತುವರ್ಜಿ ಇಲ್ಲ ಎಂದು ನಾನು ಹೇಳಿದ ಒಂದು ಮಾತು ಬರೆದು ಸಹಿ ಮಾಡಿ ಎಂದರು. ಎರಡನೆಯ ಸಲ ಹೇಳುವಾಗ ಲೇಖನಿಯನ್ನೇ ನನ್ನ ಕಡೆ ಸರಿಸಿದರು.

ನಾನು ಮುಟ್ಟಲಿಲ್ಲ. "ಸಾಹೇಬ್ರ, ಬರದದ್ದರಾಗ ಸುಳ್ಳು ಯಾವುದು ತೋರಿಸ್ರಿ, ಈಗ ಅಳಸ್ತೇನಿ. ಖರೆ ಇದ್ರ ಒಂದಕ್ಷರಾನೂ ತಗಿಯಂಗಿಲ್ಲ."

ಅವರ ಮುಖ ಕೆಂಪಾಯಿತು. ಹಾಗಾದರೆ ನಿಮ್ಮ ವರದಿ ಬರೆಯುವವನು ನಾನು, ಮೇಲಿನವರ ಮಾತು ಕೇಳುವುದಿಲ್ಲ ಎಂದು ಬರೆಯುತ್ತೇನೆ ಎಂದರು. ನಾನೂ ಬಿಡಲಿಲ್ಲ.

"ಬರೀರಿ. ಆದ್ರ ಯಾವತ್ತು, ಯಾವ ಮಾತು ಕೇಳಲಿಲ್ಲ, ಅದನ್ನೂ ಬರೀರಿ."

ಕೋಣೆಯಲ್ಲಿದ್ದ ಕಾರಕೂನ ತಲೆ ಎತ್ತಲೇ ಇಲ್ಲ. ಸಾಹೇಬರು ನನ್ನ ಹಾಳೆಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗಿನ ತನಕ ಓದಿದರು. ಹೋಗಿ ಎಂದು ಕೈ ಮಾಡಿದರು.

ಜೂನಿನಲ್ಲಿ ಅವಳು ಕಾಯಂ ಆದ ಹುಕುಮು ಬಂತು. ಓದಿಕೊಂಡು, ಮಡಿಸಿ, ಅಣ್ಣನಿಗೆ ಇವತ್ತೇ ಕಾಗದ ಹಾಕುತ್ತೇನೆ ಅಂದಳು. ಅದೇ ಟಪಾಲಿನಲ್ಲಿ ನನಗೂ ಒಂದು ಲಕೋಟೆ ಇತ್ತು, ನನ್ನ ಮೇಲಿನ ಕೆಟ್ಟ ಷರಾದ ನಕಲು. ತಕರಾರು ಇದ್ದರೆ ಉತ್ತರ ಬರೆಯಬಹುದು ಎಂದು ಕೆಳಗೆ ಸೂಚನೆ. ಸಾಹೇಬರ ಕೈಬರಹದಲ್ಲಿ ಹೀಗಿತ್ತು: "ಸಹಶಿಕ್ಷಕಿಯ ಷರಾ ಬದಲಿಸಲು ನನ್ನ ಕಚೇರಿಯಲ್ಲಿ ಎರಡು ಸಲ ಹೇಳಿದೆ. ಬದಲಿಸಲಿಲ್ಲ. ಬರೆದದ್ದರಲ್ಲಿ ಸುಳ್ಳು ಯಾವುದು ತೋರಿಸಿ ಎಂದು ಕೇಳಿದರು. ನನಗೆ ತೋರಿಸಲಾಗಲಿಲ್ಲ."

ಉತ್ತರ ಬರೆಯಲಿಲ್ಲ. ಅದರಲ್ಲಿ ತಕರಾರು ಮಾಡುವಂಥದ್ದು ಒಂದಕ್ಷರವೂ ಇರಲಿಲ್ಲ.