ಮಸೀದಿ ಮೂಲೆಯ ತುಣುಕು

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಯಾವ ಹಬ್ಬ ಯಾವತ್ತು ಎಂದು ತಿಳಿಯಬೇಕಾದರೆ ಜನ ಪಂಚಾಂಗ ತೆಗೆಯುವುದಿಲ್ಲ, ಕವಿತಕ್ಕನ ಪೇಜ್ ತೆಗೆಯುತ್ತಾರೆ. ‘ಹಬ್ಬದೂರು’ ಅಂತ ಅದರ ಹೆಸರು. ಮನೆಯ ಮಗ್ಗಕ್ಕೆ ನೂಲು ಸುತ್ತುತ್ತ ಕೂತಿದ್ದ ಹೆಂಗಸು, ಗಂಡನ ಹಳೇ ಫೋನಿನಲ್ಲಿ ಒಂದು ಗಣೇಶನ ಮೆರವಣಿಗೆ ಹಿಡಿದು ಹಾಕಿದ್ದೇ ನೆಪ, ಊರು ಬಿಟ್ಟು ಹೋದವರೆಲ್ಲ ಅದಕ್ಕೆ ಅಂಟಿಕೊಂಡರು. ಊರಮ್ಮನ ಹೂವಿನ ಪಲ್ಲಕ್ಕಿ, ಮೊಹರಂನಲ್ಲಿ ಬಾಬಯ್ಯನ ಹಬ್ಬದ ಪಂಜಾ, ಈದ್ ಮಿಲಾದ್ ಮೆರವಣಿಗೆ, ದನದ ಮೈ ತೊಳೆಯುವ ಸಂಕ್ರಾಂತಿ, ಎಲ್ಲವೂ ಕವಿತಕ್ಕನ ಕೈಯಲ್ಲಿ ಒಂದೇ ಥರ ಬರುತ್ತಿದ್ದವು. ಹೂವು, ಮುಖ, ತಮಟೆ, ಹೊತ್ತವರ ಬೆವರು. ಅಷ್ಟೇ.

ಅಷ್ಟೇ ಇರಬೇಕು ಎಂಬುದು ಅವಳ ಹಟ. ಪಕ್ಷದ ಬಾವುಟ ಕಂಡರೆ ಫೋನು ಪಕ್ಕಕ್ಕೆ ತಿರುಗುತ್ತಿತ್ತು. ಶಾಲು ಹೊದ್ದು ಅಭ್ಯರ್ಥಿ ಬಂದರೆ ದೇವರ ಮುಖಕ್ಕೆ ಜೂಮ್. ಯಾರಾದರೂ ಘೋಷಣೆ ಕೂಗಿದರೆ ಅಲ್ಲಿನ ಸದ್ದನ್ನೇ ತೆಗೆದುಬಿಡುತ್ತಿದ್ದಳು. ಚುನಾವಣೆಯ ನೀತಿ ಸಂಹಿತೆ ಜಾರಿಯಾದ ದಿನವೇ ಕಾಮೆಂಟ್ ಬಂದ್. “ಹಾವೂ ಸಾಯಬಾರದು, ಕೋಲೂ ಮುರೀಬಾರದು ಕಣ್ರೀ” ಎಂದು ಗಂಡ ಸಿದ್ದರಾಜು ಮುಂದೆ ಹೇಳಿಕೊಳ್ಳುತ್ತಿದ್ದಳು. ಪಾಪ, ಹಾವು ಯಾವುದು ಕೋಲು ಯಾವುದು ಎಂದು ತನಗೆ ಗೊತ್ತಿದೆ ಅಂತ ಅವಳು ನಂಬಿದ್ದಳು.

ಆ ಬೀದಿಗೂ ಒಂದು ನೇಮವಿತ್ತು. ಊರಮ್ಮನ ಪಲ್ಲಕ್ಕಿ ಸಂಜೆ ಮಸೀದಿ ಮೂಲೆಗೆ ಬರುವ ಹೊತ್ತಿಗೆ ಒಳಗೆ ನಮಾಜು ನಡೆಯುತ್ತಿರುತ್ತದೆ. ತಮಟೆಯವರು ತಾವಾಗಿ ಕೋಲು ಇಳಿಸುತ್ತಾರೆ. ಪಲ್ಲಕ್ಕಿಯನ್ನು ಊರುಗೋಲಿನ ಮೇಲೆ ನಿಲ್ಲಿಸಿ ಹೊತ್ತವರು ಹೆಗಲು ಒರೆಸಿಕೊಳ್ಳುತ್ತಾರೆ. ನಮಾಜು ಮುಗಿದ ಮೇಲೆ ಮಗ್ಗ ರಿಪೇರಿಯ ಪ್ಯಾರೇಜಾನ್ ಹೊರಗೆ ಬಂದು ಎಲ್ಲರಿಗೂ ಮಜ್ಜಿಗೆ ಕೊಡಿಸಿ, ಪಲ್ಲಕ್ಕಿಯ ಕೊಂಬಿಗೆ ಒಂದು ಮೊಳ ಮಲ್ಲಿಗೆ ಸುತ್ತಿ, ಬಲಗೈ ಮೇಲೆತ್ತಿ “ಹೊಡೀರಪ್ಪಾ!” ಎಂದು ಕೂಗುತ್ತಾನೆ. ಅವನು ಕೂಗಿದ ಮೇಲೇ ತಮಟೆ ಮತ್ತೆ ಏಳುವುದು. ಅವನಪ್ಪನೂ ಹೀಗೇ ಕೂಗುತ್ತಿದ್ದನಂತೆ. ಯಾರು ಶುರು ಮಾಡಿದರು ಎಂದು ಆ ಬೀದಿಯಲ್ಲಿ ಯಾರೂ ಕೇಳಿದವರಲ್ಲ.

ಇದನ್ನು ಕವಿತ ಪ್ರತಿವರ್ಷ ಕತ್ತರಿಸುತ್ತಿದ್ದಳು. ಪೇಜ್ ಶುರು ಮಾಡಿದ ಹೊಸದರಲ್ಲಿ ಮಜ್ಜಿಗೆಯ ಒಂದು ಫೋಟೊ ಹಾಕಿ ‘ಭಾವೈಕ್ಯ’ ಎಂದು ಬರೆದಿದ್ದಳು. ಆಗಲೂ ಚುನಾವಣೆ ಕಾಲ. ಕೆಳಗೆ ಎರಡು ಕಡೆಯವರೂ ಒಬ್ಬರ ತಾಯಿಯನ್ನೊಬ್ಬರು ಬೈದುಕೊಂಡರು. ಹೆದರಿ ಅಳಿಸಿದಳು. ಆಮೇಲಿಂದ ಆ ಮೂಲೆಯೇ ಬೇಡ ಎಂದುಕೊಂಡಳು. ಪಲ್ಲಕ್ಕಿ ಮಸೀದಿ ಬೀದಿಗೆ ತಿರುಗಿದರೆ ಅವಳ ವಿಡಿಯೊದಲ್ಲಿ ನೇರ ಎಣ್ಣೆ ಅಂಗಡಿ ಸರ್ಕಲ್ಲಿಗೆ ಬಂದುಬಿಡುತ್ತಿತ್ತು. ಮಿಲಾದ್ ಮೆರವಣಿಗೆ ದೇವಸ್ಥಾನ ದಾಟುವುದಕ್ಕೂ ಇದೇ ಕತ್ತರಿ. ಸಮ ಅಂದರೆ ಸಮ.

ಈ ಸಲ ಪಲ್ಲಕ್ಕಿ ಬಂದದ್ದು ಮತದಾನಕ್ಕೆ ಎರಡು ವಾರ ಇರುವಾಗ. ಬಾವುಟ ಹಿಡಿಯಕೂಡದು, ಪಕ್ಷದ ಶಾಲು ಹಾಕಕೂಡದು ಎಂದು ಷರತ್ತು ಬರೆಸಿಕೊಂಡೇ ಪೊಲೀಸರು ಅನುಮತಿ ಕೊಟ್ಟಿದ್ದರು. ಒಂದು ಪಕ್ಷದ ಮೊಬೈಲ್ ಪ್ರಚಾರ ನೋಡಿಕೊಳ್ಳುವ ಮನೋಹರ್ ಹಿಂದಿನ ದಿನವೇ ಮನೆಗೆ ಬಂದಿದ್ದ.

“ಅಕ್ಕ, ನಮ್ಮಣ್ಣ ದರ್ಶನಕ್ಕೆ ಬರ್ತಾರೆ. ಬಾವುಟ ಇಲ್ಲ, ಏನಿಲ್ಲ. ಕೈ ಮುಗಿಯೋದು ಒಂದೇ ಒಂದು ಶಾಟ್ ಹಾಕ್ಬಿಡಿ.”

“ಅಮ್ಮನ್ನ ನೋಡಕ್ಕೆ ಬರ್ಲಿ ಕಣಪ್ಪ. ನನ್ ಫೋನ್ ನೋಡಕ್ಕೆ ಬರೋದು ಬೇಡ.”

“ಆ ಪಾರ್ಟಿಯವ್ರ್ದು ಹಾಕ್ತೀರೇನೋ ಬಿಡಿ.”

“ಯಾರ್ದೂ ಹಾಕಲ್ಲ. ಎಂಟು ವರ್ಷದಿಂದ ಹಾಕಿಲ್ಲ, ಹೋಗಿ ನೋಡ್ಕೊ.”

ಮನೋಹರ್ ನಗುತ್ತಲೇ ಎದ್ದು ಹೋದ. ಅವನು ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ.

ಪಲ್ಲಕ್ಕಿ ಸುಸೂತ್ರವಾಗಿ ನಡೆಯಿತು. ಮರುದಿನ ಬೆಳಿಗ್ಗೆ ಕವಿತ ಎಂದಿನಂತೆ ಕತ್ತರಿಸಿ ವಿಡಿಯೊ ಹಾಕಿ, ಅಡುಗೆಗೆ ಒಲೆ ಹಚ್ಚಿದಳು. ಸಾರು ಕುದಿಯುವಷ್ಟರಲ್ಲಿ ಯಾವುದೋ ಗುಂಪಿನಿಂದ ಒಂದು ಸಂದೇಶ ಊರೆಲ್ಲ ಸುತ್ತಿ ಅವಳ ಫೋನಿಗೂ ಬಂತು. ಅವಳದೇ ವಿಡಿಯೊದ ಎರಡು ಚಿತ್ರ ಪಕ್ಕಪಕ್ಕ. ಒಂದರಲ್ಲಿ ಪಲ್ಲಕ್ಕಿ ಮಸೀದಿ ಬೀದಿಗೆ ತಿರುಗುತ್ತಿದೆ, ಮುಂದಿನದರಲ್ಲಿ ಸರ್ಕಲ್ಲಿನಲ್ಲಿದೆ. ಕೆಳಗೆ ಬರಹ: ‘ನಡುವೆ ಏನಾಯಿತು? ಯಾರನ್ನು ಕಾಪಾಡಲು ಕತ್ತರಿಸಿದ್ದಾರೆ?’

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಅಷ್ಟು ಸಾಕಲ್ಲ. ಕಲ್ಲು ತೂರಿದರಂತೆ ಎಂದು ಒಬ್ಬ. ಅಮ್ಮನ ಪಲ್ಲಕ್ಕಿ ತಡೆದರಂತೆ ಎಂದು ಇನ್ನೊಬ್ಬ. ಪಲ್ಲಕ್ಕಿ ಹೊತ್ತವನ ಚಿಕ್ಕಪ್ಪನ ಮಗನೇ ‘ಅಂತೆ’ ಎಂದು ಕಳಿಸಿದ್ದನ್ನು ಕಂಡು ಕವಿತಳಿಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಠಾಣೆಯಿಂದ ಫೋನು ಬಂತು. ಕತ್ತರಿಸದ ವಿಡಿಯೊ ತಂದುಕೊಡಬೇಕು ಎಂದರು. ಹೋಗಿ ಕೊಟ್ಟಳು. ಚುನಾವಣೆಗಾಗಿ ಜಾಲತಾಣಗಳ ಮೇಲೆ ಕಣ್ಣಿಟ್ಟಿದ್ದ ಅಧಿಕಾರಿಯೊಬ್ಬರೂ ಅಲ್ಲೇ ಕೂತು ನೋಡಿದರು. “ಇದರಲ್ಲಿ ಏನೂ ಇಲ್ವಲ್ಲಮ್ಮ. ಇದನ್ನ ಯಾಕೆ ತೆಗೆದಿರಿ?” ಎಂದು ಕೇಳಿದರು.

ಮನೆಗೆ ಬಂದರೆ ಪಲ್ಲಕ್ಕಿ ಕಮಿಟಿಯ ಹಿರಿಯ ಸಂಜೀವಪ್ಪ ಜಗುಲಿ ಮೇಲೆ ಕೂತಿದ್ದ.

“ಪೂರ್ತಿ ಹಾಕ್ಬಿಡವ್ವ. ಜನ ಕಣ್ಣಾರೆ ನೋಡಿದ್ರೆ ಬಾಯಿ ಮುಚ್ಕತಾರೆ.”

“ಹಾಕ್ತೀನಿ ಅಣ್ಣ. ಆದ್ರೆ ಏನಾದ್ರೂ ಬರೀಬೇಕಲ್ಲ, ಇದು ಹಿಂಗಿಂಗೆ ಅಂತ.”

ಬರೆಯಲು ಕೂತಳು. ‘ನಮಾಜು’ ಎಂದು ಬರೆದರೆ ಒಂದು ಕಡೆಯವರು ಹಿಡಿದುಕೊಳ್ಳುತ್ತಾರೆ. ‘ಸಾಮರಸ್ಯ’ ಎಂದರೆ ಇನ್ನೊಂದು ಕಡೆಯವರು ತಮ್ಮ ಚಿಹ್ನೆ ಅಂಟಿಸಿಕೊಳ್ಳುತ್ತಾರೆ. ಬರೆದದ್ದನ್ನೆಲ್ಲ ಅಳಿಸಿ, ‘ಊರಮ್ಮನ ಹೂವಿನ ಪಲ್ಲಕ್ಕಿ, ಪೂರ್ಣ ವಿಡಿಯೊ’ ಎಂದಷ್ಟೇ ಹಾಕಿದಳು. ಎಂಟು ವರ್ಷದ ಅಭ್ಯಾಸ, ಬೆರಳು ಬೇರೇನನ್ನೂ ಒತ್ತಲಿಲ್ಲ. ಪ್ಯಾರೇಜಾನನನ್ನು ಒಂದು ಮಾತು ಕೇಳಬೇಕೆಂದೂ ಅವಳಿಗೆ ಹೊಳೆಯಲಿಲ್ಲ. ಅಲ್ಲಿದ್ದದ್ದು ಅವನ ಮುಖ, ಅವನ ಕೈ.

ಮುಂದಿನದು ಬೇಗ ಆಯಿತು. ಯಾರೋ ಆ ವಿಡಿಯೊವನ್ನು ಹಿಂದುಮುಂದು ಮಾಡಿ ಒಂದು ಸಣ್ಣ ತುಣುಕು ಕಟ್ಟಿದರು. ಮೊದಲು ತಮಟೆಯ ಅಬ್ಬರ. ಆಮೇಲೆ ಪ್ಯಾರೇಜಾನ್ ಕೈ ಎತ್ತುವುದು, ಅವನ ಕೂಗಿನ ಸದ್ದು ತೆಗೆದು. ಕೂಡಲೇ ಕೋಲು ಇಳಿಸಿ ನಿಂತ ತಮಟೆಯವರು, ನಿಂತ ಪಲ್ಲಕ್ಕಿ. ಹೊಡೆಯಿರಿ ಎಂದ ಕೈ ನಿಲ್ಲಿಸಿರಿ ಎಂದ ಕೈಯಾಯಿತು. ಮೇಲೆ ಕೆಂಪು ಅಕ್ಷರ: ‘ನಮ್ಮ ಊರಲ್ಲಿ ನಮ್ಮ ಅಮ್ಮನಿಗೆ ಸಾಬಿಯ ಅಪ್ಪಣೆ.’ ಎದುರು ಪಕ್ಷದವರೇನು ಕಡಿಮೆಯೇ? ಅವರು ಮಜ್ಜಿಗೆ ಕೊಡುವ ತುಣುಕು ಎತ್ತಿಕೊಂಡು, ತಮ್ಮ ಅಭ್ಯರ್ಥಿಯ ನಗುಮುಖ ಮೂಲೆಗಿಟ್ಟು, ‘ಇದೇ ನಮ್ಮ ನಾಯಕರ ಕನಸಿನ ಊರು’ ಎಂದು ಹಂಚಿದರು. ಎತ್ತು ಏರಿಗೆ, ಕೋಣ ನೀರಿಗೆ. ನೊಗಕ್ಕೆ ಸಿಕ್ಕಿದ್ದು ಪ್ಯಾರೇಜಾನನ ಕತ್ತು.

ಕವಿತ ರಿಪೋರ್ಟ್ ಮಾಡಿದಳು. ನಿಯಮ ಮೀರಿದ್ದೇನೂ ಕಾಣಲಿಲ್ಲ ಎಂದು ಕಂಪನಿಯಿಂದ ಉತ್ತರ ಬಂತು. ಠಾಣೆಯಲ್ಲಿ ದೂರು ಬರೆಸಿದಳು, ಪ್ರಕರಣ ದಾಖಲಾಯಿತು, ಅಧಿಕಾರಿಗಳು ಹೇಳಿ ಎರಡೂ ಪೋಸ್ಟ್ ತೆಗೆಸಿದರು. ಅಷ್ಟರಲ್ಲಿ ತುಣುಕು ವಾಟ್ಸಾಪಿನಲ್ಲಿ ನೆಲಮಂಗಲ ದಾಟಿತ್ತು. ಕೊನೆಗೆ ಅವಳೇ ಫೋನಿನ ಮುಂದೆ ನಿಂತು, ಜೀವನದಲ್ಲಿ ಮೊದಲ ಸಲ ತನ್ನ ಮುಖ ತೋರಿಸಿ, ಆ ಕೈ ಎತ್ತಿದ್ದು ಯಾಕೆ ಎಂದು ಬಿಡಿಸಿ ಹೇಳಿದಳು. ಮದುವೆ ವಿಡಿಯೊಗೆ ಬರುವಷ್ಟು ಜನವೂ ಅದನ್ನು ನೋಡಲಿಲ್ಲ.

ಪ್ಯಾರೇಜಾನನ ರಿಪೇರಿ ಅಂಗಡಿಗೆ ಹೋದಳು. ಅವನು ಮಗ್ಗದ ಬಿಡಿಭಾಗಕ್ಕೆ ಎಣ್ಣೆ ಬಿಡುತ್ತಿದ್ದ. ಅವಳ ಅಪ್ಪನ ಕಾಲದಿಂದ ಅವಳ ಮನೆ ಮಗ್ಗ ನಿಂತಾಗೆಲ್ಲ ಓಡಿ ಬಂದವನು. ಸ್ಟೂಲು ಎಳೆದು ಕೂರಲು ಹೇಳಿದ. ಅದರಿಂದಲೇ ಅವಳಿಗೆ ಇನ್ನಷ್ಟು ನೋವಾಯಿತು. ಬೈದಿದ್ದರೆ ಚೆನ್ನಾಗಿತ್ತು.

“ನಂದು ತಪ್ಪಾಯ್ತು ಚಾಚಾ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು.”

“ಹಾಕಿದ್ದು ತಪ್ಪು ಅಂತ ನಾನು ಹೇಳಲ್ಲಮ್ಮ.” ಅವನು ಕೈ ಒರೆಸಿಕೊಂಡ. “ನಮ್ ಮೊಮ್ಮಗಳು ಪ್ರತಿವರ್ಷ ನಿನ್ ವಿಡಿಯೊ ನೋಡೋಳು. ತಾತ ಬರ್ತಾರೆ, ತಾತ ಬರ್ತಾರೆ ಅಂತ ಕಾಯೋಳು. ಬರ್ತಾನೇ ಇರ್ಲಿಲ್ಲ. ಯಾಕೆ ತಾತ, ನೀನು ಅಲ್ಲಿ ಇರ್ಲಿಲ್ವಾ ಅನ್ನೋಳು. ನಾನು ಏನು ಹೇಳ್ಲಿ?”

ಅವನು ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದ.

“ಎಂಟು ವರ್ಷ ಸುಮ್ನೆ ತೋರ್ಸಿದ್ರೆ, ನೋಡೋರಿಗೆಲ್ಲ ಗೊತ್ತಿರೋದು ಈ ಕೈ ಯಾಕೆ ಏಳುತ್ತೆ ಅಂತ. ಅದನ್ನ ಅವ್ರು ಮೊದ್ಲು ತೋರ್ಸಿಬಿಟ್ರು. ಅಷ್ಟೇಮ್ಮ.”

ಅಷ್ಟೇ ಎಂದು ಅವನು ಹೇಳಿದ. ಆ ಮಾತು ನಿಜವಾದ್ದರಿಂದಲೇ ಕವಿತಳಿಗೆ ಅದನ್ನು ನುಂಗಲಾಗಲಿಲ್ಲ. ತಾನು ಯಾರ ಪರವೂ ಅಲ್ಲ ಎಂದು ಅಷ್ಟು ವರ್ಷ ಬೀಗಿದ್ದಳು. ಹೆದರಿಕೆಗೆ ಅವಳು ಇಟ್ಟ ಒಳ್ಳೆಯ ಹೆಸರು ಅದು ಎಂದು ಈಗ ಗೊತ್ತಾಯಿತು. ಶಾಲು, ಬಾವುಟ, ಘೋಷಣೆ ತೆಗೆದದ್ದು ಸರಿ. ಅವು ಹೊರಗಿನಿಂದ ಬಂದ ಕಸ. ಮಜ್ಜಿಗೆಯೂ ಕಸವೇ? ಒಂದೇ ಕತ್ತರಿಯಲ್ಲಿ ಎರಡನ್ನೂ ಕತ್ತರಿಸಿದ್ದಳು.

ಚುನಾವಣೆ ಮುಗಿಯಿತು. ಗೆದ್ದವರು ಗೆದ್ದರು. ಮನೋಹರ್ ಬೆಂಗಳೂರಿನಲ್ಲಿ ದೊಡ್ಡ ಕೆಲಸ ಹಿಡಿದ. ಮುಂದಿನ ವರ್ಷದ ಪಲ್ಲಕ್ಕಿಗೆ ಕಮಿಟಿ ಸಭೆ ಸೇರಿತು. ಮಸೀದಿಯ ಹಿರಿಯರು “ಈ ಸಲ ಮಜ್ಜಿಗೆ ಬೇಡ, ಯಾಕೆ ಬೇಕು ಮಾತು” ಎಂದು ಮೊದಲೇ ಹೇಳಿ ಕಳಿಸಿದ್ದರು. ಪೊಲೀಸರೂ ಬೇರೆ ದಾರಿ ಹಿಡಿದರೆ ಒಳ್ಳೆಯದು ಎಂದಿದ್ದರು. ದಾರಿ ಬದಲಿಸುವುದು ಬೇಡ ಎಂದು ಕವಿತ ಒಬ್ಬಳೇ ಎದ್ದು ನಿಂತು ಜಗಳವಾಡಿದಳು. ಸಂಜೀವಪ್ಪ ಅವಳ ಮುಖ ನೋಡದೆ ಹೇಳಿದ: “ವಿಡಿಯೊ ಆಗೋಕ್ ಮುಂಚೆ ಯಾವ ತೊಂದ್ರೇನೂ ಇರ್ಲಿಲ್ಲ ಕಣವ್ವ.”

ಪಲ್ಲಕ್ಕಿ ಬಸ್ ಸ್ಟ್ಯಾಂಡ್ ರಸ್ತೆ ಹಿಡಿದು ಹೋಯಿತು. ತಮಟೆ ಎಲ್ಲೂ ನಿಲ್ಲಲಿಲ್ಲ. ಸಂಜೆ ಕವಿತ ವಿಡಿಯೊ ತೆರೆದು ಮೊದಲಿಂದ ಕೊನೆಯವರೆಗೆ ನೋಡಿದಳು. ಕತ್ತರಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಾಗೆಯೇ ಹಾಕಿದಳು. ತುಂಬ ಚೆನ್ನಾಗಿದೆ ಅಕ್ಕ, ಈ ಸಲ ಏನೂ ಬಿಟ್ಟಿಲ್ಲ ಎಂದು ಜನ ಬರೆದರು.